ಬುಕ್‌ಪೋಸ್ಟಿನಲ್ಲಿ ಬಂದ ಅಕ್ಕ

ನಮ್ಮ ಅಂಚೆಯ ಬುಕ್‌ಪೋಸ್ಟಿಗೆ ಒಂದು ಕಟ್ಟಳೆ ಇತ್ತು. ಪುಸ್ತಕವನ್ನು ಕಂದು ಕಾಗದದಲ್ಲಿ ಸುತ್ತಿ ಹುರಿಯಿಂದ ಕಟ್ಟಿ ಕಳಿಸಬಹುದು, ಆದರೆ ತುದಿಗಳನ್ನು ಅಂಟಿಸುವಂತಿಲ್ಲ. ಅಂಚೆಯವರು ಬೇಕೆಂದಾಗ ಎಳೆದು ನೋಡಲು ಬರಬೇಕು. ಅಚ್ಚಾದದ್ದಕ್ಕೆ ಮಾತ್ರ ಆ ಕಡಿಮೆ ದರ, ಆದ್ದರಿಂದ ಒಳಗೆ ಕಾಗದ ಬರೆದಿಡುವ ಹಾಗೂ ಇಲ್ಲ. ಇನ್ನೊಂದು ಕಡೆ ನೀಲಿ ಇನ್‌ಲ್ಯಾಂಡ್ ಲೆಟರಿಗೆ ಇದಕ್ಕೆ ತದ್ವಿರುದ್ಧವಾದ ನಿಯಮ: ಎಷ್ಟು ಬೇಕಾದರೂ ಬರೆಯಿರಿ, ಒಳಗೆ ಮಾತ್ರ ಬೇರೇನೂ ಇಡಬೇಡಿ. ಹೀಗಾಗಿ ಪುಸ್ತಕವನ್ನೂ ಒಂದು ಮಾತನ್ನೂ ಕಳಿಸಬೇಕೆಂದವರು ಎರಡು ಟಪಾಲು ಹಾಕಬೇಕಿತ್ತು. ಎರಡೂ ಒಂದೇ ದಿನ ಮುಟ್ಟುತ್ತವೆ ಎಂಬ ಖಾತರಿ ಇರಲಿಲ್ಲ.

ಮಾತು ಬಿಟ್ಟ ಅಕ್ಕ–ತಮ್ಮ ಅಂಚೆಯಲ್ಲಿ ‘ಇದನ್ನು ಓದು, ಅದನ್ನು ಓದು’ ಎನ್ನುತ್ತ ಮೆಲ್ಲಗೆ ಹತ್ತಿರವಾಗುವ ಸಣ್ಣಕಥೆಯನ್ನು ಬರೆಯಹೊರಟವರಿಗೆ ಈ ಕಟ್ಟಳೆಗಿಂತ ದೊಡ್ಡ ಆಸರೆ ಇಲ್ಲ ಎಂದು ನನಗನ್ನಿಸುತ್ತದೆ. ಇಂಥ ಕಥೆ ಸಾಮಾನ್ಯವಾಗಿ ಸೋಲುವುದು ಮೊದಲ ಪುಟದಲ್ಲೇ. ಅಕ್ಕ ಪುಸ್ತಕದ ಜೊತೆಗೆ ಉದ್ದನೆಯ ಕಾಗದ ಇಡುತ್ತಾಳೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಡುತ್ತಾಳೆ, ತಮ್ಮ ಕಣ್ಣೊರೆಸಿಕೊಳ್ಳುತ್ತಾನೆ. ಆಮೇಲೆ ಪುಸ್ತಕಕ್ಕೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಕಾಗದ ಇಡಬಾರದು ಎಂಬ ನಿಯಮವನ್ನು ಕಥೆಗಾರ ನಿಷ್ಠೆಯಿಂದ ಪಾಲಿಸಿದರೆ ಪುಸ್ತಕ ತಾನೇ ಮಾತಾಡಬೇಕಾಗುತ್ತದೆ, ಅದೂ ಅರೆಬರೆಯಾಗಿ, ತಪ್ಪು ತಿಳಿಯುವ ಹಾಗೆ.

ಅಂಥದೊಂದು ಕಥೆಯನ್ನು ಇಲ್ಲಿ ಕಟ್ಟಿ ನೋಡೋಣ. ತಮ್ಮ ತೀರ್ಥಹಳ್ಳಿ ಕಡೆಯ ಊರಿನಲ್ಲಿ ಅಪ್ಪ ಬಿಟ್ಟುಹೋದ ಮನೆ, ಅಡಕೆ ತೋಟ ನೋಡಿಕೊಂಡಿದ್ದಾನೆ. ಅಕ್ಕನನ್ನು 1980ರ ದಶಕದಲ್ಲೇ ಹುಬ್ಬಳ್ಳಿಗೆ ಕೊಟ್ಟಿದ್ದಾರೆ, ಭಾವನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಅಪ್ಪ ತೀರಿಕೊಂಡದ್ದು 1995ರಲ್ಲಿ. ಈ ಇಸವಿಯನ್ನು ಸುಮ್ಮನೆ ಆರಿಸಿದ್ದಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ಆದರೆ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸುತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ತಿದ್ದುಪಡಿ ಬಂದು ಆ ಭೇದ ಹೋಗಲು 2005ರವರೆಗೆ ಕಾಯಬೇಕಾಯಿತು. ಹಾಗಾಗಿ ನಮ್ಮ ಕಥೆಯ ಅಕ್ಕನಿಗೆ ಮಗನ ಸಮಕ್ಕೆ ಪಾಲಿಲ್ಲ. ಆದರೂ ಅಪ್ಪನ ಪಾಲಿಗೆ ಬಂದದ್ದರಲ್ಲಿ ವಾರಸುದಾರಳಾಗಿ ಅವಳಿಗೊಂದು ಹಕ್ಕು ಇದ್ದೇ ಇದೆ, ಮತ್ತು ಖಾತೆ ಬದಲಾಗಬೇಕಾದರೆ ಅವಳ ಸಹಿ ಬೇಕು. ತಮ್ಮ ಹಕ್ಕು ಬಿಡುಗಡೆ ಪತ್ರ ತಂದು ಮುಂದಿಟ್ಟ. ಅಕ್ಕ ‘ಓದಿ ಹೇಳುತ್ತೇನೆ’ ಎಂದಳು. ಅಷ್ಟೇ ಮಾತು. ತವರಿನ ಎಷ್ಟೋ ಬಾಗಿಲುಗಳು ಮುಚ್ಚಿದ್ದು ಇಷ್ಟೇ ಸಣ್ಣ ಮಾತಿನಲ್ಲಿ. ಅವಳು ಕೊಡುವುದಿಲ್ಲ ಎಂದಿರಲಿಲ್ಲ, ಅವನು ಕಸಿದುಕೊಳ್ಳಲು ಹೊರಟಿರಲಿಲ್ಲ. ಸಹಿಯನ್ನು ಕೇಳಿದ ರೀತಿ ಅವಳಿಗೆ ತಾಗಿತು, ಓದಿ ನೋಡಬೇಕೆಂದದ್ದು ಅವನಿಗೆ ಅಪನಂಬಿಕೆಯಾಗಿ ಕಂಡಿತು. ತಿಂಗಳ ಮೇಲೆ ಹುಬ್ಬಳ್ಳಿಗೆ ರಿಜಿಸ್ಟರ್ಡ್ ಎ.ಡಿ.ಯಲ್ಲಿ ವಕೀಲರ ನೋಟಿಸು ಬಂತು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬರುತ್ತಿದ್ದ ಮನಿಯಾರ್ಡರ್ ಬರಲಿಲ್ಲ.

ಈ ನೋಟಿಸನ್ನು ಕಥೆಗಾರ ಮರೆಯಬಾರದು. ಇಬ್ಬರ ನಡುವೆ ಕೊನೆಗೆ ಓಡಾಡಿದ ಟಪಾಲು ಅದು. ಅಕ್ಕ ಪೋಸ್ಟ್‌ಮ್ಯಾನ್ ಮುಂದೆ ನಿಂತು ಸಹಿ ಹಾಕಿ ತೆಗೆದುಕೊಂಡಿದ್ದಾಳೆ, ಆ ಸಹಿ ಇರುವ ಸ್ವೀಕೃತಿ ಕಾರ್ಡು ತಮ್ಮನ ಕಡೆಗೆ ವಾಪಸು ಹೋಗಿದೆ. ಅವನು ಕೇಳಿದ ಸಹಿಯ ಬದಲು ಅವನಿಗೆ ಸಿಕ್ಕ ಸಹಿ ಇದೊಂದೇ. ನಾಲ್ಕು ವರ್ಷಗಳ ಮೇಲೆ ಅದೇ ದಾರಿಯಲ್ಲಿ ಪುಸ್ತಕ ಬರುವುದಾದರೆ ಅಂಚೆ ಎಂಬುದು ಇವರ ಪಾಲಿಗೆ ಬರೀ ಸಾಗಣೆಯಲ್ಲ, ಮಾಯಬೇಕಾದ ಜಾಗವೂ ಹೌದು. ಮನೆಯಲ್ಲಿ ಫೋನಿದ್ದರೂ, ಬೀದಿ ಕೊನೆಯಲ್ಲಿ ಎಸ್‌ಟಿಡಿ ಬೂತ್ ಇದ್ದರೂ ಅಕ್ಕ ಫೋನ್ ಮಾಡದಿರುವುದಕ್ಕೆ ಕಾರಣ ಹುಡುಕಿ ಒದ್ದಾಡಬೇಕಿಲ್ಲ. ಫೋನಿನಲ್ಲಿ ‘ಹಲೋ’ ಎಂದವನು ಆ ಕ್ಷಣವೇ ಏನಾದರೂ ಹೇಳಲೇಬೇಕು. ಅಂಚೆ ಅವನಿಗೆ ಸುಮ್ಮನಿರಲು ಅವಕಾಶ ಕೊಡುತ್ತದೆ.

ಜಗಳದ ವಿಷಯಕ್ಕೇ ನೇರವಾಗಿ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನ್ ಸಾಹಿತ್ಯದಲ್ಲೊಂದು ನಿಜವಾದ ಉದಾಹರಣೆ ಇದೆ. ಹೈನ್‌ರಿಖ್ ಮಾನ್ ಮತ್ತು ಥಾಮಸ್ ಮಾನ್ ಅಣ್ಣತಮ್ಮಂದಿರು, ಇಬ್ಬರೂ ದೊಡ್ಡ ಕಾದಂಬರಿಕಾರರು. ಮೊದಲ ಮಹಾಯುದ್ಧದ ಕಾಲದಲ್ಲಿ ರಾಜಕೀಯ ನಿಲುವಿನ ಮೇಲೆ ಮುರಿದುಕೊಂಡರು. 1915ರಲ್ಲಿ ಅಣ್ಣ ಫ್ರೆಂಚ್ ಲೇಖಕ ಜೋಲಾನ ಮೇಲೆ ಬರೆದ ಪ್ರಬಂಧದಲ್ಲಿ ತಮ್ಮ ತನ್ನನ್ನೇ ಕುಟುಕಿದ ಸಾಲುಗಳನ್ನು ಕಂಡ. 1917ರ ಕೊನೆಯಲ್ಲಿ ಅಣ್ಣ ರಾಜಿಗೆಂದೇ ಕಾಗದ ಬರೆದ. ಕೆಲವೇ ದಿನಗಳಲ್ಲಿ ತಮ್ಮ ಅದನ್ನು ತಿರಸ್ಕರಿಸಿ ಉತ್ತರಿಸಿದ. ಮಾತು ಮತ್ತೆ ಶುರುವಾದದ್ದು 1922ರಲ್ಲಿ, ಅಣ್ಣ ಪ್ರಾಣಕ್ಕೇ ಬರುವಂಥ ಕಾಯಿಲೆ ಬಿದ್ದಾಗ. ಜಗತ್ತಿನ ಅತ್ಯುತ್ತಮ ಗದ್ಯ ಬರೆಯಬಲ್ಲ ಇಬ್ಬರಿಗೂ ‘ನಮ್ಮ ಜಗಳ ಬಗೆಹರಿಸೋಣ’ ಎಂಬ ಕಾಗದ ಕೆಲಸಕ್ಕೆ ಬರಲಿಲ್ಲ. ಅಂಥ ಕಾಗದ ಜಗಳದ ಲೆಕ್ಕವನ್ನು ಮತ್ತೆ ಮೊದಲಿಂದ ತೆಗೆಯುತ್ತದೆ, ಯಾರದು ಎಷ್ಟು ತಪ್ಪು ಎಂಬಲ್ಲಿಗೇ ತಂದು ನಿಲ್ಲಿಸುತ್ತದೆ. ನಮ್ಮ ಅಕ್ಕ ಅದಕ್ಕೆ ಕೈ ಹಾಕಬಾರದು.

1999ರ ಶ್ರಾವಣದಲ್ಲಿ ಅಕ್ಕ ಮೊದಲ ಪುಸ್ತಕ ಕಳಿಸುತ್ತಾಳೆ. ಯಾವುದು? ಇಲ್ಲಿ ಬರೆಯುವವರಿಗೆ ಒಂದು ಆಸೆ ಹುಟ್ಟುತ್ತದೆ: ಹೆಸರಿನಲ್ಲೇ ಅರ್ಥ ಹೊತ್ತ ಪುಸ್ತಕ ಕಳಿಸಿಬಿಡೋಣ, ಕಾರಂತರ ‘ಮರಳಿ ಮಣ್ಣಿಗೆ’ಯಂಥದ್ದು. ಅದನ್ನು ತಡೆದುಕೊಳ್ಳಬೇಕು. ನಾಲ್ಕು ವರ್ಷ ಮಾತಾಡದವಳು ಅಷ್ಟು ನೇರವಾಗಿ ಹೇಳಬಲ್ಲವಳಾಗಿದ್ದರೆ ನಾಲ್ಕು ವರ್ಷ ಸುಮ್ಮನಿರುತ್ತಿರಲಿಲ್ಲ. ನಾನಾದರೆ ತೇಜಸ್ವಿಯವರ ‘ಕರ್ವಾಲೊ’ ಆರಿಸುತ್ತೇನೆ. 1980ರ ಪುಸ್ತಕ, ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೋಗುವವರ ಕಥೆ. ಅದರಲ್ಲಿ ಆಸ್ತಿಯ ಪಾಲಿನ ಸುದ್ದಿಯಿಲ್ಲ, ಯಾರನ್ನೂ ಚುಚ್ಚುವಂಥದ್ದಿಲ್ಲ. ಮಲೆನಾಡಿನಲ್ಲಿ ಬೆಳೆದ ಇಬ್ಬರಿಗೂ ಆ ಕಾಡು, ಜೇನು, ಮಳೆ ಗೊತ್ತು. ಮೊದಲ ಪುಸ್ತಕ ಮಾಡಬೇಕಾದ್ದು ಇಷ್ಟೇ: ತೆಗೆದುಕೊಂಡವನಿಗೆ ನಾಚಿಕೆಯಾಗದಂತೆ ಅವನ ಮನೆಯೊಳಗೆ ಹೋಗಿ ಕೂರುವುದು.

ಕಟ್ಟು ಕಟ್ಟುವಾಗ ಅಕ್ಕ ಒಂದು ತೀರ್ಮಾನ ಮಾಡಬೇಕು. ಮೂಲೆಯಲ್ಲಿ ‘ಇಂದ’ ವಿಳಾಸ ಬರೆಯುವುದೋ ಬೇಡವೋ? ಬರೆದರೆ, ತಮ್ಮ ತೆಗೆದುಕೊಳ್ಳಲು ಒಪ್ಪದಿದ್ದ ಪಕ್ಷದಲ್ಲಿ ಪೋಸ್ಟ್‌ಮ್ಯಾನ್ ಹಾಗೆಂದು ಬರೆದು ಕಟ್ಟು ಹುಬ್ಬಳ್ಳಿಗೆ ವಾಪಸಾಗುತ್ತದೆ, ಆ ಅವಮಾನವನ್ನು ಬಾಗಿಲಲ್ಲಿ ನಿಂತು ತೆಗೆದುಕೊಳ್ಳಬೇಕು. ಬರೆಯದಿದ್ದರೆ ಕಟ್ಟು ವಾಪಸು ಬರುವುದಿಲ್ಲ, ಆದರೆ ಅವನು ತೆಗೆದುಕೊಂಡನೋ ಇಲ್ಲವೋ ಎಂಬುದೂ ಎಂದಿಗೂ ತಿಳಿಯುವುದಿಲ್ಲ. ಅವಳು ವಿಳಾಸ ಬರೆಯುತ್ತಾಳೆ. ಇಡೀ ಕಥೆಯಲ್ಲಿ ಅವಳು ತೋರುವ ದೊಡ್ಡ ಧೈರ್ಯ ಇದೇ ಎಂದು ನಾನು ತಿಳಿಯುತ್ತೇನೆ. ಆ ಮೂರು ಸಾಲಿನ ವಿಳಾಸದ ಮೇಲೆ ಕಥೆಗಾರ ಒಂದು ಪ್ಯಾರಾ ಪೂರ್ತಿ ಖರ್ಚು ಮಾಡಿದರೂ ತಪ್ಪಿಲ್ಲ.

ಕಟ್ಟು ವಾಪಸು ಬರುವುದಿಲ್ಲ. ಎರಡು ತಿಂಗಳ ಮೇಲೆ ಒಂದು ಕಾರ್ಡು ಬರುತ್ತದೆ. ‘ಪುಸ್ತಕ ತಲುಪಿದೆ. ನಿಮ್ಮ ಆರೋಗ್ಯ ಚೆನ್ನಾಗಿದೆಯೆಂದು ಭಾವಿಸುತ್ತೇನೆ.’ ಕನ್ನಡದ ಓದುಗರಿಗೆ ಬೇರೇನೂ ವಿವರಿಸಬೇಕಿಲ್ಲ. ಹುಟ್ಟಿದಾಗಿನಿಂದ ‘ನೀನು’ ಎಂದ ಅಕ್ಕನನ್ನು ‘ನೀವು’ ಮಾಡಿದ್ದಾನೆ. ಮರ್ಯಾದೆಯ ಮಾತು ಇಲ್ಲಿ ಬೇಲಿಯಾಗಿದೆ. ಮೇಲ್ಗಡೆ ‘ಕ್ಷೇಮ’ ಎಂದಿಲ್ಲ, ‘ಅಕ್ಕನಿಗೆ ನಮಸ್ಕಾರಗಳು’ ಎಂದಿಲ್ಲ. ಮಾತೃಸಮಾನರಾದ ಅಕ್ಕನವರಿಗೆ ಎಂದು ಶುರುಮಾಡಿ, ಉಭಯ ಕುಶಲೋಪರಿ ಸಾಂಪ್ರತ ಎಂದು ಮುಂದುವರಿಯುವ ನಮ್ಮ ಹಳೆಯ ಕಾಗದದ ಪದ್ಧತಿಯನ್ನು ಕೃತಕವೆಂದು ನಾವು ಬಿಟ್ಟಿದ್ದೇವೆ. ಕಥೆಗಾರನಿಗೆ ಮಾತ್ರ ಅದು ಬಹಳ ಬೆಲೆಯುಳ್ಳದ್ದು. ಯಾವ ಕಾಗದದಲ್ಲಿ ಅದು ಇಲ್ಲ, ಯಾವುದರಲ್ಲಿ ಬಂತು, ಯಾವಾಗ ಅದನ್ನೂ ದಾಟಿ ಮನೆಯಲ್ಲಿ ಕರೆಯುವ ಹೆಸರು ಬಂತು, ಇಷ್ಟನ್ನು ಗಮನಿಸಿದರೆ ಸಾಕು, ಸಂಬಂಧ ಎಲ್ಲಿಗೆ ಬಂದಿದೆಯೆಂದು ಓದುಗ ತಾನೇ ಲೆಕ್ಕ ಹಾಕುತ್ತಾನೆ.

ಹೀಗೆ ಪುಸ್ತಕದ ನೆಪದಲ್ಲಿ ಸಂಬೋಧನೆ ಬದಲಾಗುತ್ತ ಹೋದ ನಿಜದ ಪತ್ರವ್ಯವಹಾರವೊಂದು ಇದೆ. ನ್ಯೂಯಾರ್ಕಿನ ಲೇಖಕಿ ಹೆಲೀನ್ ಹ್ಯಾನ್ಫ್ 1949ರಲ್ಲಿ ಲಂಡನ್ನಿನ ಮಾರ್ಕ್ಸ್ ಅಂಡ್ ಕಂಪನಿ ಎಂಬ ಹಳೇ ಪುಸ್ತಕದಂಗಡಿಗೆ ಬೇಕಾದ ಪುಸ್ತಕಗಳ ಪಟ್ಟಿ ಕಳಿಸಿದಳು. ಅಂಗಡಿಯ ಫ್ರ್ಯಾಂಕ್ ಡೋಯಲ್ ಮೊದಮೊದಲು ತನ್ನ ಹೆಸರಿನ ಅಕ್ಷರಗಳನ್ನಷ್ಟೇ ಹಾಕಿ, ಅವಳನ್ನು ‘ಮೇಡಂ’ ಎಂದು ಕರೆದು ಉತ್ತರಿಸುತ್ತಿದ್ದ. ‘ಹೆಲೀನ್’ ಎಂದು ಬರೆಯಲು ಅವನಿಗೆ ವರ್ಷಗಳೇ ಬೇಕಾದವು. ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಆಹಾರಕ್ಕೆ ಪಡಿತರವಿದ್ದಾಗ ಅವಳು ಅಂಗಡಿಯವರಿಗೆಲ್ಲ ತಿನ್ನುವ ಸಾಮಾನಿನ ಪೊಟ್ಟಣ ಕಳಿಸಿದಳು. ಇಪ್ಪತ್ತು ವರ್ಷ ಬರೆದುಕೊಂಡರೂ ಇಬ್ಬರೂ ಮುಖ ನೋಡಲಿಲ್ಲ, 1968ರ ಕೊನೆಯಲ್ಲಿ ಡೋಯಲ್ ತೀರಿಕೊಂಡ. ಆ ಕಾಗದಗಳೇ 1970ರಲ್ಲಿ ‘84, ಚೇರಿಂಗ್ ಕ್ರಾಸ್ ರೋಡ್’ ಎಂಬ ಪುಸ್ತಕವಾದವು. ಅಪರಿಚಿತರಿಬ್ಬರು ಮರ್ಯಾದೆಯಿಂದ ಸಲಿಗೆಗೆ ನಡೆದ ದಾರಿ ಅದು. ಅಕ್ಕತಮ್ಮಂದಿರ ದಾರಿ ಇದಕ್ಕಿಂತ ಕಷ್ಟದ್ದು, ಯಾಕೆಂದರೆ ಅವರು ಸಲಿಗೆಯಿಂದ ಮರ್ಯಾದೆಗೆ ಜಾರಿ ಬಿದ್ದವರು. ಈಗ ಹತ್ತಿ ವಾಪಸು ಹೋಗಬೇಕು.

ತಮ್ಮನ ಸರದಿಯಲ್ಲಿ ‘ಮೂಕಜ್ಜಿಯ ಕನಸುಗಳು’ ಬರುತ್ತದೆ. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಅಜ್ಜಿಯೂ ಮೊಮ್ಮಗನೂ ಕೂತು ಮಾತಾಡುವ ಪುಸ್ತಕವನ್ನು ಅವನು ಆರಿಸಿದನೆಂದರೆ ಅವನಿಗೂ ಮಾತು ಬೇಕಾಗಿದೆ, ಅಷ್ಟು ಸಾಕು. ನಿಲ್ಲಬೇಕಾದ್ದು ಮೂರನೆಯ ಪುಸ್ತಕದಲ್ಲಿ, ಏಕೆಂದರೆ ಕಥೆ ಎಡವಬೇಕಾದ್ದು ಅಲ್ಲಿ.

ಅಕ್ಕ ಭೈರಪ್ಪನವರ ‘ಗೃಹಭಂಗ’ ಕಳಿಸುತ್ತಾಳೆ. ಅವಳ ಮನಸ್ಸಿನಲ್ಲಿದ್ದದ್ದು ನಂಜಮ್ಮ. ಕೈಲಾಗದ ಗಂಡನ ಬದಲು ಶಾನುಭೋಗಿಕೆಯ ಲೆಕ್ಕವನ್ನೆಲ್ಲ ತಾನೇ ಬರೆದು ಸಂಸಾರ ಎಳೆದ ಹೆಂಗಸು. ಇವರ ಅಮ್ಮನೂ ತೋಟದ ಕೂಲಿ, ಮಂಡಿಗೆ ಹೋದ ಅಡಕೆ ಎಲ್ಲವನ್ನೂ ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದವಳು. ನಂಜಮ್ಮನನ್ನು ಓದುವಾಗ ಅಕ್ಕನಿಗೆ ಅಮ್ಮ ಕಂಡಿದ್ದಾಳೆ, ತಮ್ಮನಿಗೂ ಕಾಣಲಿ ಎಂದು ಕಳಿಸಿದ್ದಾಳೆ. ತಮ್ಮನಿಗೆ ಕಂಡದ್ದು ಮುಖಪುಟದ ಹೆಸರು. ಮನೆ ಮುರಿದವನು ನೀನು ಎಂದು ಅಕ್ಕ ಹೇಳಿ ಕಳಿಸಿದ್ದಾಳೆ ಎಂದುಕೊಂಡ. ತೆರೆದೇ ಇರುವ ಕಟ್ಟು ಬೇರೆ, ಪೋಸ್ಟ್‌ಮ್ಯಾನಿಗೂ ಆ ಹೆಸರು ಕಂಡಿರುತ್ತದೆ. ಪುಸ್ತಕ ಬಿಡಿಸದೆ ಅಟ್ಟದ ಮೇಲಿಟ್ಟ.

ಐದು ತಿಂಗಳು ಏನೂ ಇಲ್ಲ. ಒಂದು ಸಾಲು ಕಾಗದವನ್ನು ಜೊತೆಗಿಡುವಂತಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ಕಟ್ಟಳೆಯ ಬೆಲೆ ಇಲ್ಲಿ ತಿಳಿಯುತ್ತದೆ, ಯಾರ ಕೆಟ್ಟತನವೂ ಇಲ್ಲದೆ ಕಥೆಗೆ ಒಂದು ಏಟು ಬೀಳುತ್ತದೆ. ಪುಸ್ತಕ ಶಿಫಾರಸು ಮಾಡುವವರು ದಿನವೂ ತಿನ್ನುವ ಏಟೂ ಇದೇ. ಕೊಡುವವರು ತಮಗೆ ನಾಟಿದ ಒಂದು ಪಾತ್ರವನ್ನು ಕೊಡುತ್ತಾರೆ, ತೆಗೆದುಕೊಳ್ಳುವವರು ಇಡೀ ಪುಸ್ತಕವನ್ನು ತಮ್ಮ ಮೇಲೆ ಹೊರಿಸಿದರೆಂದು ತಿಳಿಯುತ್ತಾರೆ. ಅಕ್ಕನಿಗೆ ಮೊದಲು ಏನೂ ಅರ್ಥವಾಗುವುದಿಲ್ಲ. ಅಂಚೆಯಲ್ಲಿ ಕಳೆದಿರಬಹುದು, ತಮ್ಮನಿಗೆ ಹುಷಾರಿಲ್ಲದಿರಬಹುದು ಎಂದುಕೊಳ್ಳುತ್ತಾಳೆ. ಒಂದು ಮಧ್ಯಾಹ್ನ ಮಗಳು ಕಪಾಟಿನ ಮುಂದೆ ನಿಂತು ಪುಸ್ತಕಗಳ ಹೆಸರುಗಳನ್ನು ಗಟ್ಟಿಯಾಗಿ ಓದುವಾಗ ಆ ಹೆಸರು ಕಿವಿಗೆ ಬಿದ್ದು ಅಕ್ಕ ಎದ್ದು ಕೂರುತ್ತಾಳೆ.

ಆಗ ಅವಳು ಬರೆಯುವುದು ಇನ್‌ಲ್ಯಾಂಡ್ ಲೆಟರಿನಲ್ಲಿ. ನಾಲ್ಕು ವರ್ಷ ದಾಟಿ ಬರೆಯುವ ಮೊದಲ ಕಾಗದ. ಅದರಲ್ಲಿ ವಿವರಣೆ ಇರಬಾರದು, ಕ್ಷಮೆಯೂ ಬೇಡ. ‘ಹೆಸರು ನೋಡಿ ಬೇಸರ ಮಾಡಿಕೊಂಡೆಯಾ?’ ಎಂದು ಕೇಳಿದರೂ ಅವನ ಸಣ್ಣತನವನ್ನು ಎತ್ತಿ ತೋರಿಸಿದಂತಾಗುತ್ತದೆ. ಹಾಗಾಗಿ ಅವಳು ಬರೆಯುವುದು ಹೀಗೆ: ‘ಚಿ. ತಮ್ಮನಿಗೆ ಅಕ್ಕನ ಆಶೀರ್ವಾದಗಳು. ನಂಜಮ್ಮ ಲೆಕ್ಕ ಬರೆಯುವ ಕಡೆ ಬಂದೆಯಾ? ಅಮ್ಮನ ಲೆಕ್ಕದ ಪುಸ್ತಕ ಈಗಲೂ ಪತ್ತಾಯದ ಮೇಲೇ ಇದೆಯಾ? ಅದರ ಹಿಂದಿನ ಹಾಳೆಯಲ್ಲಿ ನಾವಿಬ್ಬರೂ ಚುಕ್ಕಿ ಆಟ ಆಡಿ ಬೈಸಿಕೊಂಡಿದ್ದು ನೆನಪಾಯಿತು.’ ಉಳಿದ ಜಾಗದಲ್ಲಿ ಭಾವನ ನೈಟ್ ಶಿಫ್ಟು, ಹುಬ್ಬಳ್ಳಿಯ ನೀರಿನ ತಾಪತ್ರಯ. ಇನ್‌ಲ್ಯಾಂಡಿನ ಜಾಗ ಮುಗಿದು, ಕೊನೆಯ ಸಾಲುಗಳು ಅಂಟಿಸುವ ಅಂಚಿನ ಪಕ್ಕಕ್ಕೆ ಏರಿ ಅಡ್ಡಡ್ಡ ಕೂತಿವೆ. ಸಾಲು ಅಂಚಿಗೆ ಏರುವಷ್ಟು ಬರೆದವಳಿಗೆ ಸಿಟ್ಟಿಲ್ಲ ಎಂದು ತಮ್ಮ ತಿಳಿಯುವುದು ಮಾತಿನಿಂದಲ್ಲ, ಆ ಇಕ್ಕಟ್ಟಿನಿಂದ.

ತಮ್ಮ ಅಟ್ಟ ಹತ್ತುತ್ತಾನೆ. ಪುಸ್ತಕ ಓದಿ ಮುಗಿಸಿದ ಮೇಲೆ ಅವನ ಉತ್ತರವೂ ಇನ್‌ಲ್ಯಾಂಡಿನಲ್ಲೇ ಬರುತ್ತದೆ, ಮತ್ತು ಅದರಲ್ಲಿ ‘ನೀನು’ ಇರುತ್ತದೆ. ಇದನ್ನು ಕಥೆಗಾರ ಬೆರಳಿಟ್ಟು ತೋರಿಸಬಾರದು. ‘ಅಮ್ಮನ ಲೆಕ್ಕದ ಪುಸ್ತಕ ಗೆದ್ದಲು ಹಿಡಿದಿದೆ. ಹಿಂದಿನ ಹಾಳೆ ಉಳಿದಿದೆ. ಆಟದಲ್ಲಿ ನೀನು ಮೋಸ ಮಾಡಿದ್ದು ಈಗ ನೋಡಿದರೆ ಗೊತ್ತಾಗುತ್ತದೆ.’ ಸಾಲು ಹೀಗೆ ಸಲೀಸಾಗಿ ಹೋದರೆ ಓದುಗ ಒಂದು ಕ್ಷಣ ತಡೆದು ಹಿಂದಿನ ಕಾರ್ಡಿಗೆ ತಾನೇ ಹೋಗಿ ಬರುತ್ತಾನೆ.

ಇಲ್ಲಿಯವರೆಗೂ ಇಬ್ಬರೂ ಕಳಿಸಿದ್ದು ಅಂಗಡಿಯಿಂದ ಕೊಂಡ ಪುಸ್ತಕ. ಕೊಟ್ಟರೆ ಮುಗಿಯಿತು, ಋಣವಿಲ್ಲ. ಕಥೆ ನಿಜವಾಗಿ ತಿರುಗುವುದು ಕಡ ಕೊಡಲು ಶುರುಮಾಡಿದಾಗ. ಪಾಲಿನ ಮಾತು ಬಂದಾಗ ಮನೆ, ತೋಟ, ಅಮ್ಮನ ಬಂಗಾರ, ಹಿತ್ತಾಳೆ ಹಂಡೆ ಎಲ್ಲದರ ಪಟ್ಟಿಯಾಗಿತ್ತು. ಅಪ್ಪನ ಪುಸ್ತಕಗಳನ್ನು ಮಾತ್ರ ಯಾರೂ ಪಟ್ಟಿಗೆ ಹಾಕಿರಲಿಲ್ಲ. ಅಪ್ಪ ಓದುತ್ತಿದ್ದ ‘ಮಲೆಗಳಲ್ಲಿ ಮದುಮಗಳು’ ಪ್ರತಿಯನ್ನು ತಮ್ಮ ಈಗ ಕಳಿಸುತ್ತಾನೆ. ಕುವೆಂಪು ಅವರ 1967ರ ಆ ಕಾದಂಬರಿ ನಡೆಯುವುದು ಇವರದೇ ಸೀಮೆಯಲ್ಲಿ, ಮೇಗರವಳ್ಳಿಯ ಸುತ್ತಿನ ಕಾಡುದಾರಿಗಳಲ್ಲಿ. ಅಪ್ಪ ಓದುತ್ತ ಓದುತ್ತ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ: ಈ ಹಳ್ಳ ಯಾವುದು, ಈ ಏರು ಎಲ್ಲಿ ಬರುತ್ತದೆ ಎಂದು. ಒಂದು ಕಡೆ ‘ಈ ಜಾಗ ಮಕ್ಕಳಿಗೆ ತೋರಿಸಬೇಕು’ ಎಂದು ಬರೆದಿದೆ. ಮಗನಿಗೆ ಎಂದಿಲ್ಲ, ಮಗಳಿಗೆ ಎಂದೂ ಇಲ್ಲ. ಅಪ್ಪ ಎಂದೋ ಬರೆದ ಆ ಸಾಲು ಬುಕ್‌ಪೋಸ್ಟಿನ ಕಟ್ಟಿನೊಳಗೆ ಕೂತು, ಯಾವ ನಿಯಮವನ್ನೂ ಮುರಿಯದೆ ಹುಬ್ಬಳ್ಳಿ ಸೇರುತ್ತದೆ.

ಅಕ್ಕ ಅದನ್ನು ಇಟ್ಟುಕೊಳ್ಳುವುದಿಲ್ಲ. ಓದಿ, ಅಪ್ಪನ ಗುರುತುಗಳ ಕೆಳಗೆ ತನ್ನವೂ ಒಂದೆರಡು ಸೇರಿಸಿ ವಾಪಸು ಕಳಿಸುತ್ತಾಳೆ. ಕಡ ತಂದದ್ದನ್ನು ಹಿಂತಿರುಗಿಸಿದರೆ ಮತ್ತೊಂದು ಕೇಳುವ ಹಕ್ಕು ಬರುತ್ತದೆ, ಅವಳು ಕೇಳುತ್ತಾಳೆ. ಅಪ್ಪನ ಕಪಾಟಿನ ಮೇಲಿನ ಸಾಲಿನಲ್ಲಿ ಏನೇನಿದೆ ಬರೆದು ಕಳಿಸು ಎನ್ನುತ್ತಾಳೆ. ನಾಲ್ಕು ವರ್ಷದ ಹಿಂದೆ ಆಸ್ತಿಯ ಪಟ್ಟಿ ಬರೆದವನು ಈಗ ಪುಸ್ತಕದ ಪಟ್ಟಿ ಬರೆಯಲು ಕೂರುತ್ತಾನೆ.

ಹಾಗಾದರೆ ಆ ಸಹಿ? ಇದನ್ನು ಕಥೆ ಬಗೆಹರಿಸಬೇಕಾಗಿಲ್ಲ, ಆದರೆ ಮರೆತಂತೆ ನಟಿಸಲೂ ಬಾರದು. ಪ್ರೀತಿ ಮರಳಿತು ಎಂಬ ಕಾರಣಕ್ಕೆ ಅಕ್ಕ ಓಡಿಬಂದು ಸಹಿ ಹಾಕಿದರೆ ಇಷ್ಟೆಲ್ಲ ಪುಸ್ತಕಗಳು ಒಂದು ಹಕ್ಕು ಬಿಡುಗಡೆ ಪತ್ರಕ್ಕಾಗಿ ಓಡಾಡಿದಂತಾಗುತ್ತದೆ. ಹೆಣ್ಣುಮಕ್ಕಳಿಂದ ತವರಿನ ಪ್ರೀತಿಯ ಹೆಸರಿನಲ್ಲಿ ಬರೆಸಿಕೊಂಡ ಸಹಿಗಳು ನಮ್ಮಲ್ಲಿ ಸಾಕಷ್ಟಿವೆ, ಕಥೆಯೂ ಅದಕ್ಕೆ ಸೇರುವುದು ಬೇಡ. ತಮ್ಮನ ಒಂದು ಕಾಗದದ ನಡುವೆ, ಕೊಳೆರೋಗಕ್ಕೆ ಔಷಧಿ ಹೊಡೆಸಿದ ಸುದ್ದಿಯ ಪಕ್ಕದಲ್ಲಿ, ‘ತೋಟದ ವಿಷಯ ನೀನು ಬಂದಾಗ ಕೂತು ಮಾತಾಡೋಣ, ಕಾಗದ ಓದಿಯೇ ಸಹಿ ಮಾಡು’ ಎಂದು ಬಂದರೆ ಸಾಕು. ಅವಳು ಅಂದು ಕೇಳಿದ್ದೂ ಓದಲು ಸಮಯವನ್ನೇ ಅಲ್ಲವೇ?

ಇದೇ ಕಥೆಯನ್ನು ಇವತ್ತಿಗೆ ತಂದು ಬರೆಯುವವರು ಕೆಲವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ ತಿಂಗಳಿನಿಂದ ಪುಸ್ತಕಕ್ಕೆಂದೇ ಜ್ಞಾನ ಪೋಸ್ಟ್ ಬಂದಿದೆ: 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ನಿಯತಕಾಲಿಕ ಕಳಿಸುವಂತಿಲ್ಲ. ನೋಟಿಸು ತಂದ ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಕಥೆಗೆ ಇದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ ಜ್ಞಾನ ಪೋಸ್ಟಿನ ಕಟ್ಟಿಗೆ ನಂಬರು ಇರುತ್ತದೆ, ಎಲ್ಲಿದೆಯೆಂದು ಮೊಬೈಲಿನಲ್ಲೇ ನೋಡಬಹುದು. ತಲುಪಿತೋ ಇಲ್ಲವೋ ಎಂಬ ಅಕ್ಕನ ಎರಡು ತಿಂಗಳ ತಳಮಳ ಹೋಗುತ್ತದೆ. ‘ಡೆಲಿವರ್ಡ್’ ಎಂದು ಅಂದೇ ಗೊತ್ತಾದ ಮೇಲೂ ಒಂದು ಮಾತು ಬರದಿದ್ದರೆ ಆ ಮೌನವನ್ನು ಅಂಚೆಯ ಮೇಲೆ ಹಾಕಲು ಆಗುವುದಿಲ್ಲ. ಇಂದಿನ ಅಕ್ಕ ‘ಗೃಹಭಂಗ’ದ ನಂತರದ ಐದು ತಿಂಗಳನ್ನು ಆ ಸಮಾಧಾನವೂ ಇಲ್ಲದೆ ಕಳೆಯಬೇಕು, ಮತ್ತು ಅವಳ ಇನ್‌ಲ್ಯಾಂಡ್ ಇನ್ನೂ ಬೇಗ ಬರಬೇಕಾಗುತ್ತದೆ.